ಹನ್ನೆರಡು ವಾರ ಮಗಳು ಅಲ್ಲಿ ಏನು ಮಾತಾಡುತ್ತಾಳೆ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಆರು ತಿಂಗಳಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಾಳೆ, ಏನು ಕೇಳಿದರೂ ಸಿಡುಕುತ್ತಾಳೆ. ಜೊತೆಗಿದ್ದ ಗೆಳತಿಯರ ಗುಂಪು ಅವಳನ್ನು ಬಿಟ್ಟಿದೆ. ನನಗೂ ಅವಳಿಗೂ ಮೊಬೈಲ್ ವಿಷಯಕ್ಕೆ ದಿನವೂ ಜಗಳ. ಮನೋವೈದ್ಯರು ಖಿನ್ನತೆ ಎಂದು ಹೇಳಿ 12 ವಾರಗಳ ಇಂಟರ್‌ಪರ್ಸನಲ್ ಥೆರಪಿಗೆ ಕಳುಹಿಸಿದ್ದಾರೆ. ವಾರಕ್ಕೊಮ್ಮೆ ಕುಳಿತು ಅಪ್ಪನ ಮೇಲೆ ದೂರು ಹೇಳಿದರೆ ಖಿನ್ನತೆ ಹೋಗುತ್ತದೆಯೇ? ಬಿಟ್ಟುಹೋದ ಗೆಳತಿಯರನ್ನು ಥೆರಪಿ ವಾಪಸು ತರುತ್ತದೆಯೇ? ಅವಳಿಗೆ ಬೇಕಾಗಿರುವುದು ಸ್ವಲ್ಪ ಶಿಸ್ತು ಎಂದು ನನಗೆ ಅನಿಸುತ್ತದೆ.

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಮೊದಲ ಸೆಷನ್‌ನಲ್ಲಿ ಥೆರಪಿಸ್ಟ್ ಕೂಡ ಬಹುಶಃ ಅಲ್ಲಿಂದಲೇ ಶುರು ಮಾಡುತ್ತಾರೆ. ಹದಿಹರೆಯದ ಖಿನ್ನತೆ ಯಾವಾಗಲೂ ಮುಖ ಬಾಡಿಸಿಕೊಂಡು ಮೂಲೆಯಲ್ಲಿ ಕೂರುವುದಿಲ್ಲ. ಎಷ್ಟೋ ಸಲ ಸಿಡುಕಾಗಿ, ಎದುರುತ್ತರವಾಗಿ ಹೊರಬೀಳುತ್ತದೆ. ಮನೋವೈದ್ಯರು ಬಳಸುವ ಡಿಎಸ್‌ಎಮ್ ಕೈಪಿಡಿಯೇ ಈ ವಯಸ್ಸಿನವರಲ್ಲಿ ಬೇಸರದ ಬದಲು ಸಿಡುಕು ಕಂಡರೂ ಅದನ್ನು ಲಕ್ಷಣವೆಂದು ಎಣಿಸಬೇಕು ಎನ್ನುತ್ತದೆ. ಹಾಗಾಗಿ ನೀವು ಶಿಸ್ತಿನ ಕೊರತೆ ಎಂದುಕೊಂಡಿರುವುದರಲ್ಲಿ ಒಂದು ಪಾಲು ಕಾಯಿಲೆಯದೇ ಇರಬಹುದು. ಎಷ್ಟು ಪಾಲು ಎಂಬುದು ಮೊದಲ ದಿನವೇ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಅವಳನ್ನು ಏನೂ ಕೇಳಬಾರದೇ? ಹಾಗಲ್ಲ. ಟೈಫಾಯ್ಡ್‌ನಿಂದ ಏಳುತ್ತಿರುವ ಮಗುವಿಗೆ ಅಂಕ ಕಡಿಮೆ ಬಂದರೆ ನಾವು ಸೋಮಾರಿ ಎಂದು ಬೈಯುವುದಿಲ್ಲ. ಹಾಗೆಂದು ಶಾಲೆ ಬಿಡಿಸುವುದೂ ಇಲ್ಲ. ಈ ಚಿಕಿತ್ಸೆ ಖಿನ್ನತೆಯನ್ನೂ ಅದೇ ರೀತಿ ನೋಡುತ್ತದೆ. ಅವಳು ಶಾಲೆಗೆ ಹೋಗಬೇಕು, ಮನೆಯ ಕೆಲಸದಲ್ಲಿ ತನ್ನ ಪಾಲನ್ನು ಮಾಡಬೇಕು, ಆದರೆ ಮೊದಲಿನ ಚುರುಕಿನಲ್ಲಿ ಮಾಡಲಿ ಎಂದು ಸದ್ಯಕ್ಕೆ ಯಾರೂ ನಿರೀಕ್ಷಿಸುವುದಿಲ್ಲ. ತಂದೆ ತಾಯಿಯ ಎದುರಿನಲ್ಲೇ ಇದನ್ನು ಅವಳಿಗೆ ಹೇಳಲಾಗುತ್ತದೆ. ಇದನ್ನು ಕೇಳಿ ಪೋಷಕರಿಗಿಂತ ಮಕ್ಕಳೇ ಹೆಚ್ಚು ಆಶ್ಚರ್ಯಪಡುವುದನ್ನು ಕಂಡಿದ್ದೇನೆ. ತಾವು ಕೆಟ್ಟವರು ಎಂದೇ ಅವರು ಅಷ್ಟು ದಿನ ನಂಬಿಕೊಂಡಿರುತ್ತಾರೆ.

ಇನ್ನು ದೂರಿನ ಮಾತು. ಐಪಿಟಿ ಎಂದು ಕರೆಯುವ ಈ ಚಿಕಿತ್ಸೆಯನ್ನು ಜೆರಾಲ್ಡ್ ಕ್ಲೆರ್ಮನ್ ಮತ್ತು ಮಿರ್ನಾ ವೈಸ್ಮನ್ 1970ರ ದಶಕದಲ್ಲಿ ವಯಸ್ಕರಿಗಾಗಿ ರೂಪಿಸಿದರು. ಹದಿಹರೆಯದವರಿಗೆ ಹೊಂದುವಂತೆ ಅದನ್ನು ತಿದ್ದಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಲಾರಾ ಮಫ್ಸನ್ ಮತ್ತು ಅವರ ಸಹೋದ್ಯೋಗಿಗಳು. ಖಿನ್ನತೆ ಏಕೆ ಬಂತು ಎಂಬುದರ ಬಗ್ಗೆ ಇದು ಪಟ್ಟು ಹಿಡಿಯುವುದಿಲ್ಲ. ವಂಶವಾಹಿ ಇರಬಹುದು, ಮೆದುಳಿನ ರಾಸಾಯನಿಕ ಇರಬಹುದು. ಯಾವುದೇ ಇರಲಿ, ಖಿನ್ನತೆ ಬರುವುದು ಸುತ್ತ ಜನರಿರುವ ಒಬ್ಬರಿಗೆ. ಮನಸ್ಸು ಕುಗ್ಗಿದಾಗ ಸಂಬಂಧ ಹದಗೆಡುತ್ತದೆ, ಸಂಬಂಧ ಹದಗೆಟ್ಟಾಗ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಈ ಸುತ್ತನ್ನು ಸಂಬಂಧದ ಕಡೆಯಿಂದ ಕತ್ತರಿಸುವುದು ಐಪಿಟಿಯ ಕೆಲಸ. ಅಪ್ಪ ತಪ್ಪೋ ಮಗಳು ತಪ್ಪೋ ಎಂದು ತೀರ್ಪು ಕೊಡುವ ಥೆರಪಿಸ್ಟ್ ಈ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ಒಂದು ಪ್ರಕರಣವನ್ನು ಬಿಡಿಸಿ ಹೇಳುತ್ತೇನೆ. ಇದು ಹಲವು ಮಕ್ಕಳ ಕಥೆಗಳನ್ನು ಸೇರಿಸಿ ಕಟ್ಟಿದ್ದು, ಹೆಸರು ನಾನಿಟ್ಟದ್ದು.

ನಿಶಾಳಿಗೆ 16 ವರ್ಷ. ಮೊದಲ ದಿನ ತಾಯಿಯ ಜೊತೆ ಬಂದಳು, ಕುರ್ಚಿಯನ್ನು ತಾಯಿಯಿಂದ ಒಂದು ಮೊಳ ದೂರ ಎಳೆದುಕೊಂಡು ಕುಳಿತಳು. ತಾಯಿಯ ದೂರು ನಿಮ್ಮದೇ: ಬಾಗಿಲು, ಮೊಬೈಲ್, ಎದುರುತ್ತರ. ನಿಶಾಳ ದೂರು ಒಂದೇ: "ಇವರಿಗೆ ನಾನು ಬೇಕಾಗಿಲ್ಲ, ಅಂಕ ಬೇಕು."

ಮೊದಲ ನಾಲ್ಕು ವಾರ ಜಗಳ ಬಿಡಿಸುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಅದು ನಕ್ಷೆ ಬರೆಯುವ ಕಾಲ. ಒಂದು ಹಾಳೆಯಲ್ಲಿ ಒಂದರೊಳಗೊಂದು ನಾಲ್ಕು ವೃತ್ತ ಎಳೆದು, ನಡುವಿನದರಲ್ಲಿ ಅವಳ ಹೆಸರು ಬರೆದು, ಉಳಿದ ವೃತ್ತಗಳಲ್ಲಿ ಯಾರು ಯಾರು ಎಲ್ಲೆಲ್ಲಿ ಇದ್ದಾರೆ ಎಂದು ಅವಳಿಗೇ ಗುರುತಿಸಲು ಹೇಳುತ್ತೇವೆ. ನಿಶಾ ಅಜ್ಜಿಯನ್ನು ಹತ್ತಿರದ ವೃತ್ತದಲ್ಲಿ ಬರೆದಳು. ಅಮ್ಮನನ್ನು ಎರಡನೆಯದರ ಗೆರೆಯ ಮೇಲೆಯೇ ಬರೆದಳು, ಒಳಗೂ ಅಲ್ಲ ಹೊರಗೂ ಅಲ್ಲ. ಆಮೇಲೆ ಹತ್ತಿರದ ವೃತ್ತದಲ್ಲಿ ಒಂದು ಹೆಸರು ಬರೆದು, ಹಾಳೆ ಹರಿಯುವಷ್ಟು ಒತ್ತಿ ಅದನ್ನು ಹೊಡೆದುಹಾಕಿದಳು. ಅದು ಏಳು ವರ್ಷ ಜೊತೆಗಿದ್ದ ಗೆಳತಿಯ ಹೆಸರು. ಇಲ್ಲಿ ಅವಳನ್ನು ರಮ್ಯಾ ಎನ್ನೋಣ.

ಪ್ರತಿಯೊಂದು ಹೆಸರಿನ ಬಗ್ಗೆಯೂ ವಿಚಾರಿಸುತ್ತೇವೆ. ಎಷ್ಟು ಸಲ ಮಾತಾಡುತ್ತೀರಿ, ಅವರಿಂದ ನಿನಗೆ ಏನು ಬೇಕು, ಅವರಿಗೆ ನಿನ್ನಿಂದ ಏನು ಬೇಕು, ಯಾವುದು ಚೆನ್ನಾಗಿದೆ, ಯಾವಾಗಿನಿಂದ ಬದಲಾಯಿತು. ಕೊನೆಯ ಪ್ರಶ್ನೆಯೇ ಮುಖ್ಯ. ಲಕ್ಷಣಗಳು ಶುರುವಾದ ತಿಂಗಳುಗಳನ್ನೂ ಸಂಬಂಧಗಳಲ್ಲಿ ನಡೆದ ಘಟನೆಗಳನ್ನೂ ಪಕ್ಕಪಕ್ಕದಲ್ಲಿ ಬರೆದಾಗ ನಿಶಾ ನಂಬಿಕೊಂಡಿದ್ದ ಕಥೆ ಸ್ವಲ್ಪ ಅಲುಗಾಡಿತು. ರಮ್ಯಾ ಬಿಟ್ಟುಹೋದದ್ದರಿಂದ ತನಗೆ ಹೀಗಾಯಿತು ಎಂದು ಅವಳು ಹೇಳುತ್ತಿದ್ದಳು. ಆದರೆ ನಿದ್ದೆ ಕೆಟ್ಟದ್ದು, ಯಾವುದರಲ್ಲೂ ಆಸಕ್ತಿ ಇಲ್ಲದ್ದು ಅದಕ್ಕೆ ಎರಡು ತಿಂಗಳು ಮೊದಲೇ ಶುರುವಾಗಿತ್ತು. ಆ ಎರಡು ತಿಂಗಳಲ್ಲಿ ಅವಳು ರಮ್ಯಾಳ ಸಂದೇಶಗಳಿಗೆ ಉತ್ತರಿಸಿರಲಿಲ್ಲ, ಎರಡು ಸಲ ಬರುತ್ತೇನೆಂದು ಹೇಳಿ ಹೋಗಿರಲಿಲ್ಲ, ರಮ್ಯಾಳ ಹುಟ್ಟುಹಬ್ಬದ ದಿನ ಫೋನ್ ಆಫ್ ಮಾಡಿ ಮಲಗಿದ್ದಳು. ರಮ್ಯಾಳಿಗೆ ಖಿನ್ನತೆಯ ವಿಷಯ ಗೊತ್ತಿಲ್ಲ. ಅವಳ ಕಣ್ಣಿಗೆ ಕಂಡದ್ದು ಉದಾಸೀನ.

ಇದನ್ನು ಮಗುವಿಗೆ ಹೇಳುವಾಗ ನಾಲಿಗೆಯನ್ನು ತೂಗಿ ಬಳಸಬೇಕು. "ನೋಡು, ನಿನ್ನಿಂದಲೇ ಆದದ್ದು" ಎಂದು ಕೇಳಿಸಿದರೆ ಖಿನ್ನತೆಗೆ ನಾವೇ ಅನ್ನ ಹಾಕಿದಂತೆ. ಕಾಯಿಲೆ ನಿನ್ನ ಪರವಾಗಿ ಉತ್ತರ ಕೊಡುತ್ತಿತ್ತು, ಅದನ್ನು ರಮ್ಯಾ ನಿನ್ನ ಉತ್ತರ ಎಂದುಕೊಂಡಳು ಎನ್ನುವುದು ಸತ್ಯಕ್ಕೂ ಹತ್ತಿರ, ಕೇಳುವವಳಿಗೂ ಹಗುರ.

ನಾಲ್ಕನೆಯ ವಾರದ ಕೊನೆಗೆ ಸಮಸ್ಯೆಗೆ ಹೆಸರಿಡಬೇಕು. ಐಪಿಟಿಯಲ್ಲಿ ನಾಲ್ಕು ಕ್ಷೇತ್ರಗಳಿವೆ: ಹತ್ತಿರದವರ ಸಾವು, ಪರಸ್ಪರ ನಿರೀಕ್ಷೆಗಳ ತಿಕ್ಕಾಟ, ಬದುಕಿನ ಪಾತ್ರದ ಬದಲಾವಣೆ, ಸಂಬಂಧ ಕಟ್ಟುವ ಕೌಶಲದ ಕೊರತೆ. ಒಂದನ್ನು, ಹೆಚ್ಚೆಂದರೆ ಎರಡನ್ನು ಆರಿಸಿಕೊಳ್ಳುತ್ತೇವೆ. ಗೆಳತಿ ದೂರವಾದದ್ದನ್ನು ಸಾವಿನ ದುಃಖದ ಪಟ್ಟಿಗೆ ಸೇರಿಸಲು ಹೊಸ ಥೆರಪಿಸ್ಟ್‌ಗಳಿಗೆ ಆಸೆಯಾಗುತ್ತದೆ, ಮಗು ಅಳುವುದೂ ಹಾಗೆಯೇ ಇರುತ್ತದೆ. ಆದರೆ ಆ ಕ್ಷೇತ್ರವನ್ನು ಐಪಿಟಿ ನಿಜವಾದ ಸಾವಿಗೆ ಮಾತ್ರ ಮೀಸಲಿಟ್ಟಿದೆ, ಅದಕ್ಕೆ ಕಾರಣವೂ ಇದೆ. ಸತ್ತವರ ಜೊತೆ ಮಾತಾಡಿ ಸರಿಪಡಿಸಿಕೊಳ್ಳಲಾಗದು. ರಮ್ಯಾ ಮುಂದಿನ ಬೆಂಚಿನಲ್ಲಿ ಕುಳಿತಿದ್ದಾಳೆ. ಹಾಗಾಗಿ ಇದು ತಿಕ್ಕಾಟ, ಅದೂ ಒಂದು ಹಂತದಲ್ಲಿರುವ ತಿಕ್ಕಾಟ. ಇಬ್ಬರೂ ಇನ್ನೂ ಜಗ್ಗಾಡುತ್ತಿದ್ದಾರೆಯೇ, ಮಾತು ನಿಂತು ಗಂಟು ಬಿದ್ದಿದೆಯೇ, ಅಥವಾ ಒಬ್ಬರು ನಿಜವಾಗಿಯೂ ಬಿಟ್ಟು ನಡೆದಿದ್ದಾರೆಯೇ? ಮೂರಕ್ಕೂ ಮುಂದಿನ ದಾರಿ ಬೇರೆ ಬೇರೆ. ಅಮ್ಮನ ಜೊತೆಗಿನದು ಗಂಟು ಬಿದ್ದ ಹಂತ ಎಂದು ನಾವಿಬ್ಬರೂ ಒಪ್ಪಿದೆವು. ರಮ್ಯಾಳದು ಯಾವ ಹಂತ ಎಂಬುದು ನಿಶಾಳಿಗೇ ಗೊತ್ತಿರಲಿಲ್ಲ, ಏಕೆಂದರೆ ನಾಲ್ಕು ತಿಂಗಳಿಂದ ಅವಳು ಕೇಳಿಯೇ ಇರಲಿಲ್ಲ.

ಮೊದಲು ಕೈಗೆತ್ತಿಕೊಂಡದ್ದು ಅಮ್ಮನ ವಿಷಯವನ್ನು. ಗೆಳತಿಯ ಬಾಗಿಲು ತಟ್ಟಲು ಹೋಗಿ ಪೆಟ್ಟು ತಿಂದರೆ ವಾಪಸು ಬಂದು ಕೂರಲು ಮನೆಯಲ್ಲಿ ಒಂದು ಮಡಿಲು ಬೇಕು. ಆ ಮಡಿಲೇ ಮುಚ್ಚಿರುವಾಗ ಹೊರಗೆ ಪ್ರಯೋಗ ಮಾಡಿಸಬಾರದು ಎಂಬುದು ನನ್ನ ಲೆಕ್ಕ. ಎಲ್ಲ ಥೆರಪಿಸ್ಟ್‌ಗಳೂ ಇದೇ ಕ್ರಮವನ್ನು ಹಿಡಿಯುವುದಿಲ್ಲ.

ಪ್ರತಿ ಸೆಷನ್ ಒಂದು ಅಂಕಿಯಿಂದ ಶುರುವಾಗುತ್ತದೆ. ಈ ವಾರ ಮನಸ್ಸು 1ರಿಂದ 10ರಲ್ಲಿ ಎಲ್ಲಿತ್ತು, 10 ಎಂದರೆ ಅತಿ ಕೆಟ್ಟದ್ದು. ಆಮೇಲೆ, ಅತಿ ಕೆಟ್ಟದ್ದೆನಿಸಿದ ದಿನ ಏನು ನಡೆಯಿತು? ಐದನೆಯ ವಾರ ನಿಶಾ 8 ಎಂದಳು, ಮಂಗಳವಾರ 9 ಇತ್ತು ಎಂದಳು. ಏನಾಯಿತು ಎಂದರೆ, "ಏನಿಲ್ಲ, ಯಾವಾಗಲೂ ಆಗುವ ಜಗಳ." ಇಂಥ ಸಾರಾಂಶದಿಂದ ನಮಗೆ ಉಪಯೋಗವಿಲ್ಲ. ಯಾರು ಮೊದಲು ಬಾಯಿ ತೆರೆದರು, ಯಾವ ಪದ, ಯಾವ ದನಿ, ಆಗ ನೀನು ಎಲ್ಲಿದ್ದೆ ಎಂದು ಸಿನಿಮಾದ ರೀಲನ್ನು ನಿಧಾನಕ್ಕೆ ತಿರುಗಿಸಿದಂತೆ ಕೇಳಬೇಕು. ಒಂದೂವರೆ ನಿಮಿಷದ ಜಗಳಕ್ಕೆ ನಮಗೆ ಅರ್ಧ ಗಂಟೆ ಹಿಡಿಯಿತು.

ನಡೆದದ್ದು ಇಷ್ಟು. ಸಂಜೆ ಆರು ಗಂಟೆ, ನಿಶಾ ಮಂಚದ ಮೇಲೆ ಮಗ್ಗುಲಾಗಿ ಮೊಬೈಲ್ ಹಿಡಿದು ಮಲಗಿದ್ದಳು. ಅಮ್ಮ ಕೆಲಸದಿಂದ ಬಂದವರು ಬಾಗಿಲು ತೆರೆದರು.

"ಓದಿದೆಯಾ?"

"ಹೂಂ."

"ಮೊಬೈಲ್ ಹಿಡಿದುಕೊಂಡು ಯಾವ ಓದು?"

"ನನ್ನ ಪಾಡಿಗೆ ನನ್ನನ್ನು ಬಿಡು."

"ಇಲ್ಲಿ ಕೊಡು ಅದನ್ನು."

ಮೊಬೈಲ್ ಗೋಡೆಗೆ ಬಡಿಯಿತು. ರಾತ್ರಿ ಊಟಕ್ಕೆ ಅವಳು ಏಳಲಿಲ್ಲ.

ಬಾಗಿಲು ತೆರೆಯುವ ಮೊದಲಿನ ಹತ್ತು ನಿಮಿಷದಲ್ಲಿ ಏನು ನೋಡುತ್ತಿದ್ದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ರಮ್ಯಾ ಮತ್ತು ಇನ್ನಿಬ್ಬರು ಒಟ್ಟಿಗೆ ಹೊರಗೆ ಹೋಗಿದ್ದ ಫೋಟೋ. ಅದನ್ನು ಎಷ್ಟೋ ಸಲ ದೊಡ್ಡದು ಮಾಡಿ ನೋಡಿದ್ದಳು. ಬಾಗಿಲು ತೆರೆದ ಸದ್ದಾದಾಗ ಏನನಿಸಿತು? "ಅಮ್ಮನಿಗೆ ತೋರಿಸೋಣ ಅನಿಸಿತು. ಅಷ್ಟರಲ್ಲಿ ಓದಿದೆಯಾ ಅಂದಳು."

ನೀವು ಬರೆದ ಎರಡು ತೊಂದರೆಗಳು, ಮನೆಯ ಜಗಳ ಮತ್ತು ಹೋದ ಗೆಳತಿಯರು, ಹೀಗೆ ಒಂದೇ ಹಗ್ಗದ ಎರಡು ಎಳೆಗಳಾಗಿರುವುದುಂಟು. ತಾಯಿಗೆ ಆ ಮೊಬೈಲ್ ಓದು ಕೆಡಿಸುವ ಯಂತ್ರ. ಮಗಳಿಗೆ ಅದು ತನ್ನನ್ನು ಹೊರಗಿಟ್ಟ ಮನೆಯ ಕಿಟಕಿ, ಅಲ್ಲಿ ನಿಂತು ಯಾರಾದರೂ ಕರೆದಾರೇನೋ ಎಂದು ಕಾಯುತ್ತಿದ್ದಾಳೆ. ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಜಗಳವಾಡುತ್ತಿದ್ದರು, ಆದರೆ ಒಂದೇ ವಿಷಯದ ಬಗ್ಗೆ ಅಲ್ಲ.

ಇದಾದ ಮೇಲೆ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಯಾವ ಜಾಗದಲ್ಲಿ ಬೇರೆ ಮಾತು ಆಡಬಹುದಿತ್ತು? ನಿಶಾ "ಹೂಂ" ಎಂಬ ಕಡೆ ಬೆರಳಿಟ್ಟಳು. ನಂತರ ಅಭಿನಯ. ನಾನು ಅಮ್ಮನಾದೆ, ಅವಳು ಅವಳೇ. ಮೊದಲು ಸೌಮ್ಯ ಅಮ್ಮ, ಆಮೇಲೆ ದಣಿದು ಬಂದ ಕಟು ಅಮ್ಮ. ಪಾತ್ರ ಬದಲಾಯಿಸಿ ಅವಳು ಅಮ್ಮನಾದಾಗ ನಗುತ್ತಾ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, "ಅಮ್ಮನಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು" ಎಂದಳು.

ಮಾತಿನ ತಯಾರಿಯಲ್ಲಿ ಕಲಿಸುವುದು ನಾಲ್ಕೈದು ಸರಳ ಸಂಗತಿ. ಹೊತ್ತು ನೋಡಿ ಮಾತೆತ್ತಬೇಕು. ಎದುರಿನವರ ಆತಂಕವನ್ನು ಮೊದಲು ಒಪ್ಪಿಕೊಂಡು ನಂತರ ತನ್ನದನ್ನು ಕೇಳಬೇಕು. "ನೀನು ಯಾವಾಗಲೂ" ಎಂದು ಶುರು ಮಾಡದೆ "ನನಗೆ ಹೀಗೆ ಅನಿಸುತ್ತದೆ" ಎಂದು ಶುರು ಮಾಡಬೇಕು. ಕೈಯಲ್ಲಿ ಎರಡು ಮೂರು ಪರಿಹಾರ ಇಟ್ಟುಕೊಂಡೇ ಹೋಗಬೇಕು. ಮೊದಲ ಸಲ ಕೆಟ್ಟರೆ ಬಿಡಬಾರದು. ಓದಲು ಎಷ್ಟು ಸುಲಭ ನೋಡಿ. ಕೋಪ ಬಂದಿರುವಾಗ ನಲವತ್ತರ ಅಪ್ಪನಿಗೂ ಇದರಲ್ಲಿ ಎರಡು ನೆನಪಾದರೆ ಹೆಚ್ಚು.

ನಿಶಾ ಭಾನುವಾರ ಬೆಳಿಗ್ಗೆಯನ್ನು ಆರಿಸಿಕೊಂಡಳು. ಹೇಳಬೇಕಾದುದನ್ನು ಬರೆದುಕೊಂಡಿದ್ದಳು: "ಅಮ್ಮಾ, ಪರೀಕ್ಷೆಯ ಬಗ್ಗೆ ನಿನಗೆ ಆತಂಕ ಇದೆ ಎಂದು ಗೊತ್ತು. ಆದರೆ ಬಂದ ಕೂಡಲೇ ಓದಿನ ಪ್ರಶ್ನೆ ಕೇಳಿದರೆ ನನಗೆ ಎಲ್ಲವನ್ನೂ ಮುಚ್ಚಿಕೊಳ್ಳಬೇಕೆನಿಸುತ್ತದೆ. ರಾತ್ರಿ ಹತ್ತಕ್ಕೆ ಮೊಬೈಲನ್ನು ನಾನೇ ಹೊರಗಿಡುತ್ತೇನೆ. ನೀನು ಬಂದ ಮೇಲೆ ಮೊದಲ ಕಾಲು ಗಂಟೆ ಓದಿನ ಮಾತು ಬೇಡ."

ಅಮ್ಮನ ಉತ್ತರ: "ಇದನ್ನೆಲ್ಲ ಥೆರಪಿಸ್ಟ್ ಹೇಳಿಕೊಟ್ಟರಾ?"

ನಿಶಾ ಎದ್ದು ಹೋದಳು. ಮುಂದಿನ ವಾರದ ಅಂಕಿ ಮತ್ತೆ 8. ಇಂಥದು ನಡೆಯುತ್ತದೆ ಎಂದು ಮೊದಲೇ ಹೇಳಿಡದಿದ್ದರೆ ಮಗು ಅಲ್ಲಿಗೇ ಚಿಕಿತ್ಸೆಯ ಮೇಲೆ ನಂಬಿಕೆ ಕಳೆದುಕೊಳ್ಳುತ್ತದೆ. ಆ ತಾಯಿಯನ್ನೂ ದೂರಬೇಡಿ. ತಿಂಗಳುಗಟ್ಟಲೆ ಕೂಗಾಡಿದ ಮಗಳು ಇದ್ದಕ್ಕಿದ್ದಂತೆ ಅಚ್ಚುಕಟ್ಟಾಗಿ ಮಾತಾಡಿದರೆ ಯಾರಿಗಾದರೂ ಅನುಮಾನ ಬಂದೀತು.

ಏಳನೆಯ ವಾರ ತಾಯಿಯನ್ನು ಕರೆಸಿದೆವು. ನಿಶಾಳ ಒಪ್ಪಿಗೆ ಪಡೆದು, ಏನು ಹೇಳಬಹುದು, ಏನು ಹೇಳಬಾರದು ಎಂದು ಅವಳ ಜೊತೆ ಮಾತಾಡಿಕೊಂಡೇ ಕರೆಸಿದ್ದು. ಓದಿನ ಪ್ರಶ್ನೆಯನ್ನೇ ಏಕೆ ಕೇಳುತ್ತೀರಿ ಎಂದಾಗ ಆ ತಾಯಿ ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಪೋಷಕರಿಗೆ ಹೇಳಿದ್ದೇನೆ: "ಹೇಗಿದ್ದೀಯ ಎಂದರೆ ಉತ್ತರವೇ ಬರುವುದಿಲ್ಲ. ಓದಿದೆಯಾ ಎಂದರೆ ಹೂಂ ಎಂದಾದರೂ ಅನ್ನುತ್ತಾಳೆ. ಆ ಒಂದು ಹೂಂ ಕೇಳಲಿಕ್ಕೇ ಕೇಳುತ್ತೇನೆ." ನಿಶಾ ತಲೆ ಎತ್ತಿ ನೋಡಿದಳು. ಅವತ್ತು ಒಪ್ಪಂದವಾದದ್ದು ಅದೇ ಹತ್ತು ಗಂಟೆ ಮತ್ತು ಕಾಲು ಗಂಟೆ. ತಾಯಿ ಅದನ್ನು ಎರಡು ಸಲ ಮುರಿದರು, ಮಗಳು ಮೂರು ಸಲ. ಆದರೂ ಅದು ಹತ್ತನೆಯ ವಾರದ ತನಕ ಉಳಿಯಿತು.

ಈಗ ಗೆಳತಿಯರ ವಿಷಯ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ತರಬಹುದು, ತರದೆಯೂ ಇರಬಹುದು, ವಾಪಸು ತಂದೇ ತರುತ್ತೇನೆಂದು ಮಾತು ಕೊಡುವ ಥೆರಪಿಸ್ಟ್‌ನನ್ನು ನಂಬಬೇಡಿ. ಚಿಕಿತ್ಸೆ ಮಾಡುವುದು ಅನಿಶ್ಚಿತತೆಯನ್ನು ಮುಗಿಸುವ ಕೆಲಸ. ನಿಶಾಳ ಮುಂದೆ ಮೂರು ದಾರಿ ಇಟ್ಟು ಪ್ರತಿಯೊಂದರ ಲಾಭ ನಷ್ಟವನ್ನು ಅವಳಿಂದಲೇ ಹೇಳಿಸಿದೆವು. ಸುಮ್ಮನಿರುವುದು, ಮೂರನೆಯವರ ಮೂಲಕ ವಿಚಾರಿಸುವುದು, ನೇರವಾಗಿ ರಮ್ಯಾಳಿಗೆ ಬರೆಯುವುದು. ಮೂರನೆಯವರ ಮೂಲಕ ಹೋದ ಮಾತು ಈ ವಯಸ್ಸಿನ ಗುಂಪುಗಳಲ್ಲಿ ಬೇರೆಯೇ ರೂಪ ತಾಳುತ್ತದೆ ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಅವಳು ಬರೆದ ಮೊದಲ ಸಂದೇಶ ಒಂದು ಪುಟ ಇತ್ತು. ಏಳು ವರ್ಷದ ಲೆಕ್ಕ, ಕೊನೆಯಲ್ಲಿ "ನಿನಗೆ ನನ್ನ ನೆನಪೇ ಇಲ್ಲ ಅಲ್ಲವೇ" ಎಂಬ ಪ್ರಶ್ನೆ. ಇದನ್ನು ಓದಿ ರಮ್ಯಾ ಏನು ಮಾಡಬೇಕು ಎಂದು ನಿನಗೆ ಆಸೆ ಎಂದು ಕೇಳಿದೆ. "ಇಲ್ಲ, ನೆನಪಿದೆ ಅನ್ನಬೇಕು." ಅಂದರೆ ಭರವಸೆ ಬೇಡುವ ಪ್ರಶ್ನೆ. ಖಿನ್ನತೆಯಲ್ಲಿರುವವರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ, ಬಂದ ಉತ್ತರವನ್ನು ನಂಬುವುದಿಲ್ಲ, ಮತ್ತೆ ಕೇಳುತ್ತಾರೆ, ಕೊನೆಗೆ ಎದುರಿನವರು ದಣಿಯುತ್ತಾರೆ. ಗೆಳೆತನಗಳು ಜಗಳಕ್ಕಿಂತ ಈ ದಣಿವಿನಿಂದಲೇ ಸವೆಯುವುದನ್ನು ನಾನು ಹೆಚ್ಚು ಕಂಡಿದ್ದೇನೆ. ಕಳುಹಿಸಿದ ಸಂದೇಶದಲ್ಲಿ ಉಳಿದದ್ದು ಮೂರು ವಾಕ್ಯ: "ಕೆಲವು ತಿಂಗಳು ನನಗೆ ಹುಷಾರಿರಲಿಲ್ಲ, ಯಾರ ಜೊತೆಯೂ ಮಾತಾಡಲು ಆಗುತ್ತಿರಲಿಲ್ಲ. ನಿನ್ನ ಹುಟ್ಟುಹಬ್ಬಕ್ಕೆ ಬಾರದೆ ನಿನಗೆ ಬೇಸರ ಮಾಡಿದೆ. ಒಂದು ದಿನ ಸಿಗೋಣವೇ?"

ಉತ್ತರ ಎರಡು ದಿನ ಬರಲಿಲ್ಲ. ಆ ಎರಡು ದಿನ ಏನು ಮಾಡಬೇಕು ಎಂಬುದನ್ನು ಸಂದೇಶ ಕಳುಹಿಸುವ ಮೊದಲೇ ಗೊತ್ತುಮಾಡಿದ್ದೆವು. ಎರಡನೆಯ ಸಂದೇಶ ಇಲ್ಲ, ಸಂಜೆ ಅಮ್ಮನ ಜೊತೆ ನಡೆಯಲು ಹೋಗುವುದು, ತೀರಾ ಕಷ್ಟವಾದರೆ ಅಜ್ಜಿಗೆ ಫೋನ್. ಮೂರನೆಯ ದಿನ "ಪರವಾಗಿಲ್ಲ, ಸಿಗೋಣ" ಎಂದು ಬಂತು. ಒಂದು ಸಲ ಭೇಟಿಯಾದರು. ರಮ್ಯಾ ಸೌಜನ್ಯದಿಂದಲೇ ಇದ್ದಳು, ಹಳೆಯ ಸಲಿಗೆ ಇರಲಿಲ್ಲ. ಅವಳಿಗೆ ಬೇರೆ ಗುಂಪಾಗಿತ್ತು. ಮುಂದೆ ಸಿಕ್ಕಾಗ ಮಾತಾಡುವ ಮಟ್ಟಕ್ಕೆ ಆ ಸಂಬಂಧ ನಿಂತಿತು.

ಅವತ್ತು ನಿಶಾ ಅತ್ತಳು. ಆದರೆ ಬಹಳ ದಿನಗಳಿಂದ ಮುಂದೂಡಿದ್ದ ಅಳು ಅದು. ಆ ವಾರದ ಅಂಕಿ 6, ಏರಲಿಲ್ಲ. ಈಗ ಅದು ನಿಜವಾಗಿ ಕಳೆದುಹೋದ ಸಂಬಂಧವಾಯಿತು, ಅದರ ಬಗ್ಗೆ ಮಾತಾಡಬಹುದಾಯಿತು. ಅದರಲ್ಲಿ ಏನು ಚೆನ್ನಾಗಿತ್ತು, ಏನು ಇರಲಿಲ್ಲ. ಎಲ್ಲಿಗೆ ಹೋಗಬೇಕು, ಯಾರ ಜೊತೆ ಕೂರಬೇಕು ಎಂದು ರಮ್ಯಾಳೇ ತೀರ್ಮಾನಿಸುತ್ತಿದ್ದದ್ದು ಆಗ ಹೊರಗೆ ಬಂತು. ಮತ್ತೆ ವೃತ್ತಗಳ ಹಾಳೆ ತೆಗೆದೆವು. ಹೊಸ ಆಪ್ತಗೆಳತಿಯನ್ನು ಹುಡುಕು ಎಂದು ಯಾರಿಗೂ ಹೇಳಲಾಗದು, ಹೇಳಬಾರದು. ಮೂರನೆಯ ವೃತ್ತದಲ್ಲಿ ಆಗಲೇ ಇರುವ ಒಬ್ಬರನ್ನು ಎರಡನೆಯದಕ್ಕೆ ತರಲು ಒಂದು ಸಣ್ಣ ಹೆಜ್ಜೆ ಇದೆಯೇ ಎಂದು ನೋಡುತ್ತೇವೆ. ಪ್ರಯೋಗಾಲಯದಲ್ಲಿ ಜೊತೆಯಾಗಿದ್ದ ಹುಡುಗಿಯ ಬಳಿ ನೋಟ್ಸ್ ಕೇಳಿ, ಮರಳಿ ಕೊಡುವಾಗ ಹತ್ತು ನಿಮಿಷ ಕೂರುವುದು ಅವಳ ಆ ವಾರದ ಮನೆಕೆಲಸ.

ಹನ್ನೆರಡನೆಯ ವಾರಕ್ಕೆ ಅಂಕಿ 3ಕ್ಕೂ 4ಕ್ಕೂ ನಡುವೆ ಓಡಾಡುತ್ತಿತ್ತು. ನಿದ್ದೆ ಸರಿಹೋಗಿತ್ತು, ಗಣಿತ ಹಾಗೆಯೇ ಇತ್ತು. ಕೊನೆಯ ಎರಡು ಮೂರು ಸೆಷನ್‌ಗಳು ಮುಕ್ತಾಯಕ್ಕೆ ಮೀಸಲು: ಖಿನ್ನತೆ ಮರಳಿದರೆ ಅವಳಲ್ಲಿ ಮೊದಲು ಕಾಣುವ ಗುರುತೇನು ಎಂದು ಬರೆದಿಡುವುದೂ ಅದರಲ್ಲಿ ಸೇರಿದೆ. ನಿಶಾಳದು "ಸಂದೇಶಗಳಿಗೆ ಉತ್ತರ ಕೊಡದಿರುವುದು".

ಇದೆಲ್ಲ ಒಂದು ಕಥೆಯಾಯಿತು, ಪುರಾವೆ ಏನು ಎಂದು ನೀವು ಕೇಳಬಹುದು. ಮಫ್ಸನ್ ತಂಡದ 1999ರ ಅಧ್ಯಯನದಲ್ಲಿ 48 ಮಂದಿ ಹದಿಹರೆಯದವರಿದ್ದರು. ಬರಿಯ ನಿಗಾದಲ್ಲಿದ್ದವರಿಗಿಂತ ಐಪಿಟಿ ಪಡೆದವರ ಖಿನ್ನತೆ ಹೆಚ್ಚು ಇಳಿಯಿತು. 2004ರಲ್ಲಿ ನ್ಯೂಯಾರ್ಕ್‌ನ ಶಾಲಾ ಚಿಕಿತ್ಸಾಲಯಗಳಲ್ಲಿ 63 ಮಂದಿಯ ಮೇಲೆ ಮತ್ತೆ ಪರೀಕ್ಷಿಸಿದರು. ಅಲ್ಲಿ ಚಿಕಿತ್ಸೆ ಕೊಟ್ಟವರು ಆ ಚಿಕಿತ್ಸಾಲಯಗಳಲ್ಲಿ ಮೊದಲೇ ಕೆಲಸದಲ್ಲಿದ್ದವರು, ಹೋಲಿಸಿದ್ದು ಅಲ್ಲಿ ಮಾಮೂಲಾಗಿ ಸಿಗುತ್ತಿದ್ದ ಆಪ್ತಸಮಾಲೋಚನೆಯ ಜೊತೆ. ಆಗಲೂ ಐಪಿಟಿಯೇ ಮೇಲಾಯಿತು. ನಿಮಗೆ ಹೆಚ್ಚು ಸಂಬಂಧಿಸಿದ್ದು ಅದೇ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿ 2010ರಲ್ಲಿ ಪ್ರಕಟಿಸಿದ ಲೇಖನ. ತಾಯಿಯ ಜೊತೆ ತೀವ್ರ ಜಗಳ ಇದ್ದವರಿಗೆ, ಗೆಳೆಯರ ಜೊತೆ ಹೊಂದಾಣಿಕೆ ಹದಗೆಟ್ಟವರಿಗೆ ಐಪಿಟಿಯಿಂದಾದ ಲಾಭ ಇನ್ನೂ ಎದ್ದು ಕಂಡಿತು. ಸಣ್ಣ ಅಧ್ಯಯನಗಳು, ನಿಜ. ಆದರೂ ನಿಮ್ಮ ವೈದ್ಯರು ಇದನ್ನೇ ಆರಿಸಿದ್ದರ ಹಿಂದೆ ಲೆಕ್ಕವಿದೆ.

ಕೆಡುವುದೂ ಉಂಟು. ಅತಿ ಸಾಮಾನ್ಯವಾದ ಕೆಡುಕು ನೀವು ಹೆದರಿದಂತೆಯೇ, ಪ್ರತಿ ವಾರ ಹೊಸ ದೂರು, ಥೆರಪಿಸ್ಟ್ ತಲೆಯಾಡಿಸುವುದು, ಮುಂದಿನ ವಾರ ಮತ್ತೊಂದು. ನಾಲ್ಕನೆಯ ವಾರದ ಹೊತ್ತಿಗೆ ಯಾವ ಸಂಬಂಧ, ಯಾವ ತೊಂದರೆಯ ಮೇಲೆ ಕೆಲಸ ನಡೆಯುತ್ತಿದೆ ಎಂದು ನಿಮ್ಮ ಮಗಳು ಒಂದು ವಾಕ್ಯದಲ್ಲಿ ಹೇಳಬಲ್ಲವಳಾಗಿರಬೇಕು. ಆಗದಿದ್ದರೆ ದಾರಿ ತಪ್ಪಿದೆ. ಅದೇ ಹೊತ್ತಿಗೆ ಲಕ್ಷಣಗಳ ಪ್ರಶ್ನಾವಳಿಯ ಅಂಕಗಳೂ ಸ್ವಲ್ಪವಾದರೂ ಇಳಿದಿರಬೇಕು. ಇಳಿಯದಿದ್ದರೆ ಹನ್ನೆರಡು ವಾರ ಕಾದು ನೋಡುವುದು ಬೇಡ. ವಾರಕ್ಕೆ ಎರಡು ಸೆಷನ್ ಮಾಡುವುದೋ, ಫ್ಲುವಾಕ್ಸೆಟಿನ್‌ನಂಥ ಔಷಧಿ ಸೇರಿಸುವುದೋ ಎಂದು ಮನೋವೈದ್ಯರ ಜೊತೆ ಆಗಲೇ ಮಾತಾಡಬೇಕು.

ಇನ್ನೊಂದು ಕೆಡುಕು ಹೆಚ್ಚು ಅಪಾಯದ್ದು. ಗುಂಪು ಅವಳನ್ನು ಬಿಟ್ಟದ್ದಲ್ಲ, ಹಿಂಸಿಸುತ್ತಿದೆ ಎಂದಾದರೆ, ಫೋಟೋ ಹರಡುತ್ತಿದೆ, ಬೆದರಿಸುತ್ತಿದೆ ಎಂದಾದರೆ, ಅದು ತಿಕ್ಕಾಟವಲ್ಲ, ಅಲ್ಲಿ ಅವಳು ಮಾತಿನ ಕೌಶಲ ಕಲಿತು ಸರಿಪಡಿಸಬೇಕಾದದ್ದು ಏನೂ ಇಲ್ಲ. ಅದನ್ನು ದೊಡ್ಡವರು ನಿಲ್ಲಿಸಬೇಕು. ಮನೆಯಲ್ಲಿ ಹೊಡೆತ ಇದ್ದರೂ ಅದೇ ಮಾತು. ತೀವ್ರ ಉನ್ಮಾದ, ಭ್ರಮೆ, ಮಾದಕ ವಸ್ತುವಿನ ಚಟ ಇರುವವರಿಗೂ ಈ ಚಿಕಿತ್ಸೆ ಮೊದಲ ಹೆಜ್ಜೆಯಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಅವಳನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬಳನ್ನೇ ಬಿಡದೆ, ಮನೆಯ ಮಾತ್ರೆಗಳನ್ನು ಬೀಗದೊಳಗಿಟ್ಟು, ಅವತ್ತೇ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಮುಂದಿನ ವಾರದ ಸೆಷನ್‌ಗೆ ಕಾಯುವ ವಿಷಯವಲ್ಲ ಅದು. ಅವಳು ಹೇಳಿದ ಉಳಿದದ್ದನ್ನು ಥೆರಪಿಸ್ಟ್ ನಿಮಗೆ ಹೇಳುವುದಿಲ್ಲ, ಆದರೆ ಜೀವಕ್ಕೆ ಅಪಾಯವಿದ್ದರೆ ಹೇಳಿಯೇ ಹೇಳುತ್ತಾರೆ. ಈ ಗೆರೆ ಎಲ್ಲಿದೆ ಎಂದು ಮೊದಲ ದಿನವೇ ನಿಮ್ಮಿಬ್ಬರ ಎದುರಿಗೂ ತಿಳಿಸುತ್ತಾರೆ.

ಆ ಮೊದಲ ದಿನಕ್ಕೆ ಒಂದು ಹಾಳೆ ಬರೆದುಕೊಂಡು ಹೋಗಿ. ನಿದ್ದೆ ಯಾವ ತಿಂಗಳಿಂದ ಕೆಟ್ಟಿತು, ಸಿಡುಕು ಯಾವಾಗಿನಿಂದ, ಗೆಳತಿಯರು ಮನೆಗೆ ಬರುವುದು ಯಾವಾಗ ನಿಂತಿತು, ನಿಮ್ಮ ಮೊದಲ ದೊಡ್ಡ ಜಗಳ ಯಾವುದು. ಮಗಳ ಗುಣದೋಷಗಳನ್ನು ಬರೆಯಬೇಡಿ, ತಾರೀಖುಗಳನ್ನು ಬರೆಯಿರಿ. ಮೊಬೈಲ್ ನಿಯಮವನ್ನು ಅಲ್ಲಿಯವರೆಗೆ ಬಿಗಿ ಮಾಡುವುದೂ ಬೇಡ, ಪೂರ್ತಿ ಸಡಿಲಿಸುವುದೂ ಬೇಡ. ಇವತ್ತು ಸಂಜೆ ಅವಳ ಕೋಣೆಯ ಬಾಗಿಲು ತಟ್ಟಿದಾಗ ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ಯಾವುದು ಎಂಬುದನ್ನೂ ಅದೇ ಹಾಳೆಯ ಕೊನೆಯಲ್ಲಿ ಬರೆದುಕೊಳ್ಳಿ. ಥೆರಪಿಸ್ಟ್ ಅದನ್ನು ಕೇಳುತ್ತಾರೆ.